ನಾನೇ ಸೋದರತ್ತೆ, ಆದರೆ ನಾಮಕರಣಕ್ಕೆ ಹೋಗೋ ಹಾಗಿಲ್ಲ. ಬೀಗರಿಗೆ ಹೇಗೆ ಹೇಳಲಿ?

ದಾವಣಗೆರೆ ಅಕ್ಕ (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಅರ್ಧ ನೋವಿಗೆ, ಅರ್ಧ ಈ ಯೋಚನೆಗೆ.

ನನ್ನ ತಮ್ಮನಿಗೆ ಮದುವೆಯಾಗಿ ಏಳು ವರ್ಷದ ಮೇಲೆ ಹೆಣ್ಣು ಮಗು ಹುಟ್ಟಿದೆ. ಬಾಣಂತನ ಚಿತ್ರದುರ್ಗದಲ್ಲಿ, ಅವನ ಹೆಂಡತಿಯ ತವರಲ್ಲಿ. ಈ ಭಾನುವಾರ ಇಪ್ಪತ್ತೊಂದನೇ ದಿನಕ್ಕೆ ತೊಟ್ಟಿಲಿಗೆ ಹಾಕುತ್ತಾರೆ. ಬೀಗರು ಮನೆಗೇ ಬಂದು ಕುಂಕುಮ ಇಟ್ಟು ಕರೆದು ಹೋಗಿದ್ದಾರೆ. ಒಡಹುಟ್ಟಿದ ಅಕ್ಕ ನಾನೊಬ್ಬಳೇ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು.

ಕಳೆದ ಗುರುವಾರ ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಶನಿವಾರ ಗುಳ್ಳೆ ಎದ್ದವು. ಬೆನ್ನಿನಿಂದ ಎದೆಯ ಕೆಳಗಿನ ತನಕ ಪಟ್ಟಿ ಕಟ್ಟಿದ ಹಾಗೆ. ಸೋಮವಾರ ಡಾಕ್ಟರಿಗೆ ತೋರಿಸಿದೆ. ಸರ್ಪಸುತ್ತು ಅಂದರು. ದಿನಕ್ಕೆ ಐದು ಸಲ ಮಾತ್ರೆ, ಏಳು ದಿನ. ಗುಳ್ಳೆ ಎಲ್ಲಾ ಒಣಗಿ ಹಕ್ಕಳೆ ಕಟ್ಟುವ ತನಕ ಎಳೆ ಮಗುವಿನ ಹತ್ತಿರ ಹೋಗಬೇಡಿ ಅಂತಲೂ ಹೇಳಿದರು.

ಇನ್ನೊಂದು ವಿಷಯ ಹೇಳಲೇಬೇಕು. ಹೋದ ವರ್ಷ ಅಪ್ಪನ ಸೈಟಿನ ವಿಚಾರದಲ್ಲಿ ನನಗೂ ತಮ್ಮನಿಗೂ ಮಾತು ಬಂದಿತ್ತು. ಈಗ ಸರಿ ಹೋಗಿದೆ. ಆದರೆ ನಾನು ಬರಲಿಲ್ಲ ಅಂದರೆ "ಇನ್ನೂ ಸಿಟ್ಟು ಹೋಗಿಲ್ಲ, ಹುಷಾರಿಲ್ಲ ಅನ್ನೋದು ನೆಪ" ಅನ್ನುವವರು ಇದ್ದೇ ಇದ್ದಾರೆ.

ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂತ ಇದನ್ನು ಬರೆದಿಟ್ಟಿದ್ದೇನೆ. ನೋಡಿ ಹೇಳಿ:

"ಎಲ್ಲರಿಗೂ ನಮಸ್ಕಾರ. ನನಗೆ ಸರ್ಪಸುತ್ತು ಆಗಿದೆ. ವಿಪರೀತ ಉರಿ, ಜ್ವರ, ಮಲಗೋಕೂ ಆಗ್ತಿಲ್ಲ. ಭಾನುವಾರ ಬರೋಕೆ ಆಗುತ್ತೋ ಇಲ್ಲವೋ ಗೊತ್ತಿಲ್ಲ, ಪ್ರಯತ್ನ ಮಾಡ್ತೀನಿ. ನನಗೋಸ್ಕರ ಯಾರೂ ಕಾಯಬೇಡಿ. ದಯವಿಟ್ಟು ಕ್ಷಮಿಸಿ, ತಪ್ಪು ತಿಳಿಯಬೇಡಿ. ಮಗುವಿಗೆ ನನ್ನ ಆಶೀರ್ವಾದ."

---

ಹರಿಹರದವನು

ಅಕ್ಕಾ, ಸರ್ಪಸುತ್ತು ಅಂಟೋ ರೋಗ ಅಲ್ಲ. ನಮ್ಮ ತಂದೆಗೆ ಆಗಿತ್ತು, ಮನೆಯಲ್ಲಿ ಆರು ಜನ ಇದ್ದೆವು, ಒಬ್ಬರಿಗೂ ಬರಲಿಲ್ಲ. ಒಂದು ಹತ್ತಿ ಬಟ್ಟೆ ಸುತ್ತಿಕೊಂಡು ಹೋಗಿ ಬನ್ನಿ. ಏಳು ವರ್ಷ ಕಾದ ಮಗು.

---

ಚಳ್ಳಕೆರೆ ಶೇಂಗಾ

ಹೆಣ್ಣು ಮಗು ಅಂದ್ರಲ್ಲ, ಯಾವ ನಕ್ಷತ್ರ? ಅಕ್ಷರ ಹೇಳಿದರೆ ನಾನು ಒಳ್ಳೆ ಹೆಸರು ಹುಡುಕಿ ಕೊಡುತ್ತೇನೆ. ನಮ್ಮಣ್ಣನ ಮಗಳಿಗೂ ನಾನೇ ಇಟ್ಟಿದ್ದು.

---

ಮಲ್ಲಿಗೆ 77

ಶೇಂಗಾ ಅಣ್ಣ, ಅವರು ಹೆಸರು ಕೇಳುತ್ತಿಲ್ಲ. ಮೇಲಿಂದ ಓದಿ.

---

ಹೊಳಲ್ಕೆರೆ ಸಿಸ್ಟರ್

ಮೂವತ್ತು ವರ್ಷ ನರ್ಸ್ ಆಗಿ ಹಳ್ಳಿ ಹಳ್ಳಿ ತಿರುಗಿ ನಿವೃತ್ತಿ ಆದವಳು ನಾನು. ಹರಿಹರದ ತಮ್ಮ ಹೇಳಿದ್ದು ಅರ್ಧ ಸರಿ.

ಸರ್ಪಸುತ್ತು ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ, ನಿಜ. ಆದರೆ ಅದು ಚಿಕನ್‌ಪಾಕ್ಸಿನ ವೈರಸ್ಸೇ. ಚಿಕ್ಕವರಿದ್ದಾಗ ನಮಗೆ "ಅಮ್ಮ" ಬಂದು ಹೋಗಿರುತ್ತದಲ್ಲ, ಆ ವೈರಸ್ ನರದೊಳಗೆ ಸುಮ್ಮನೆ ಮಲಗಿರುತ್ತದೆ. ವಯಸ್ಸಾದಾಗಲೋ, ಮೈ ಸೋತಾಗಲೋ ಒಂದೇ ನರ ಹಿಡಿದು ಎದ್ದು ಬರುತ್ತದೆ. ಅದಕ್ಕೇ ಮೈಯ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಕಾಣುವುದು. ಆ ಗುಳ್ಳೆಯ ನೀರು ಅಮ್ಮ ಬಾರದೇ ಇರುವವರಿಗೆ ತಗುಲಿದರೆ ಅವರಿಗೆ ಚಿಕನ್‌ಪಾಕ್ಸ್ ಬರಬಹುದು. ನಿಮ್ಮ ಮನೆಯ ಆರು ಜನಕ್ಕೂ ಹಿಂದೆ ಬಂದು ಹೋಗಿರಬೇಕು, ಅದಕ್ಕೇ ಏನೂ ಆಗಲಿಲ್ಲ. ಇಪ್ಪತ್ತೊಂದು ದಿನದ ಕೂಸಿನ ಲೆಕ್ಕ ಬೇರೆ.

ಅಕ್ಕಾ, ದಿನ ಎಣಿಸೋಣ. ಶನಿವಾರ ಗುಳ್ಳೆ ಎದ್ದಿದ್ದು ಅಂದರೆ ಭಾನುವಾರಕ್ಕೆ ಒಂಬತ್ತನೇ ದಿನ. ಸಾಮಾನ್ಯವಾಗಿ ಮೂರರಿಂದ ಐದು ದಿನ ಹೊಸ ಗುಳ್ಳೆ ಏಳುತ್ತಲೇ ಇರುತ್ತವೆ. ಎಲ್ಲಾ ಒಣಗಿ ಹಕ್ಕಳೆ ಕಟ್ಟುವುದಕ್ಕೆ ಏಳರಿಂದ ಹತ್ತು ದಿನ ಬೇಕು. ಅಂದರೆ ಭಾನುವಾರ ನೀವು ಗಡಿಯಲ್ಲಿ ನಿಂತಿರುತ್ತೀರಿ. ಒಣಗಿರಲೂಬಹುದು, ಎರಡು ಗುಳ್ಳೆ ಹಸಿ ಉಳಿದಿರಲೂಬಹುದು. ಒಂದು ಹಸಿ ಇದ್ದರೂ ಇದೆ ಅಂತಲೇ ಲೆಕ್ಕ.

ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಮಗು ದಿನ ತುಂಬಿ ಹುಟ್ಟಿದ್ದಾ? ಬಾಣಂತಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತಾ? ತಾಯಿಗೆ ಬಂದಿದ್ದರೆ ಅವಳ ಮೈಯ ರಕ್ಷಣೆ ಮಗುವಿಗೂ ಮೊದಲ ಕೆಲವು ತಿಂಗಳು ಸ್ವಲ್ಪ ಸಿಕ್ಕಿರುತ್ತದೆ.

---

ಹರಿಹರದವನು

ಸಿಸ್ಟರ್, ಒಪ್ಪಿದೆ. ಆದರೆ ಮುಚ್ಚಿಕೊಂಡಿದ್ದರೆ ಅಪಾಯ ಕಡಿಮೆ ಅಂತ ನಮ್ಮ ತಂದೆಗೆ ಡಾಕ್ಟರೇ ಹೇಳಿದ್ದರು. ಅಕ್ಕ ದೂರದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ ಬರಲಿ. ಇಲ್ಲಿಂದ ದುರ್ಗಕ್ಕೆ ಒಂದು ಗಂಟೆ ದಾರಿ.

---

ಹೊಳಲ್ಕೆರೆ ಸಿಸ್ಟರ್

ಮುಚ್ಚಿದರೆ ಅಪಾಯ ಕಡಿಮೆ ಅನ್ನೋದೂ ನಿಜ. ಪರಿಚಯದವರ ಮನೆ ಕಾರ್ಯ ಆಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಸೋದರತ್ತೆಯನ್ನು ದೂರ ಕೂರಲು ಯಾರು ಬಿಡುತ್ತಾರೆ ಹೇಳಿ? ತೊಟ್ಟಿಲ ಕೆಳಗಿನಿಂದ ಒಬ್ಬರು ಮಗು ಕೊಟ್ಟರೆ ಮೇಲಿನಿಂದ ಇಸಿದುಕೊಳ್ಳುವವಳು ಅವಳು. ಎದೆಗೆ ಒತ್ತಿಕೊಂಡು, ಕಿವಿಗೆ ಬಾಯಿಟ್ಟು ಹೆಸರು ಹೇಳುವವಳು ಅವಳು. ಆಮೇಲೆ ಹೆಂಗಸರೆಲ್ಲಾ ಸೇರಿ ಬೆನ್ನಿಗೆ ಗುದ್ದುವುದು ಅವಳಿಗೇ. ಆ ಬೆನ್ನ ಮೇಲೇ ಗುಳ್ಳೆ ಇವೆ.

---

ಮಲ್ಲಿಗೆ 77

ಅಯ್ಯೋ, ಗುದ್ದೋದು ನೆನಪೇ ಇರಲಿಲ್ಲ. ನಮ್ಮ ಕಡೆ ಐದು ಜನ ಸೇರಿ ಜೋರಾಗಿಯೇ ಗುದ್ದುತ್ತಾರೆ.

---

ದುರ್ಗದ ಹುಡುಗಿ

ಅಕ್ಕಾ, ಬಾಣಂತಿ ಕಡೆಯಿಂದ ಒಂದು ಮಾತು. ನನ್ನ ಮಗನಿಗೆ ಈಗ ಎಂಟು ತಿಂಗಳು. ಅವನ ನಾಮಕರಣಕ್ಕೆ ನಮ್ಮ ದೊಡ್ಡ ನಾದಿನಿ ಕೆಮ್ಮುತ್ತಲೇ ಬಂದರು. ಯಾರೂ ಬೇಡ ಅನ್ನಲಿಲ್ಲ. ನಾನು ಒಳಗೆ ಕೂತು ಅತ್ತಿದ್ದು ಯಾರಿಗೂ ಗೊತ್ತಿಲ್ಲ. ಬಾಣಂತಿ ಬಾಯಿ ಬಿಟ್ಟು ಹೇಳೋಕೆ ಆಗುವುದಿಲ್ಲ. ಹೇಳಿದರೆ ಗಂಡನ ಮನೆಯವರನ್ನು ದೂರ ಮಾಡಿದಳು ಅಂತಾರೆ. ನೀವಾಗಿಯೇ ಬರಲ್ಲ ಅಂದರೆ ನಿಮ್ಮ ತಮ್ಮನ ಹೆಂಡತಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಆ ಹುಡುಗಿಗೆ ನೀವೇ ಫೋನ್ ಮಾಡಿ ಹೇಳಿ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ.

---

ಜಗಳೂರು ಅಜ್ಜಿ (ಮೊಮ್ಮಗಳ ಕೈಲಿ ಬರೆಸಿದ್ದು)

ತಾಯೀ, ನಿನ್ನ ಮೆಸೇಜು ಓದಿಸಿಕೊಂಡು ಕೇಳಿದೆ. ಬೇಜಾರು ಮಾಡಿಕೋಬೇಡ, ಅದನ್ನು ಕಳಿಸಬೇಡ.

ಮೊದಲನೆಯದು, ಕರೆದವರು ಯಾರು? ಬೀಗರು. ಮನೆ ಬಾಗಿಲಿಗೆ ಬಂದು ಕುಂಕುಮ ಇಟ್ಟು ಕರೆದವರಿಗೆ ಗುಂಪಿನಲ್ಲಿ ಎಲ್ಲರ ಜೊತೆ ತಿಳಿಸುವುದು ಮರ್ಯಾದೆ ಅಲ್ಲ. ಮೊದಲು ತಮ್ಮನಿಗೆ ಹೇಳು. ಆಮೇಲೆ ಬೀಗಿತಿಗೆ ನೀನೇ ಬಾಯಿಂದ ಹೇಳು. ಗುಂಪಿಗೆ ಕೊನೆಗೆ.

ಎರಡನೆಯದು, "ಪ್ರಯತ್ನ ಮಾಡ್ತೀನಿ" ಅಂತ ಅಂದೆಯಲ್ಲ, ಅದೇ ಎಲ್ಲಾ ಕೆಡಿಸೋದು. ನನ್ನ ತಂಗಿ ಮೊಮ್ಮಗನ ತೊಟ್ಟಿಲ ದಿನ ಹೀಗೇ ಆಯಿತು. ಸೋದರತ್ತೆ ಹಾವೇರಿಯಿಂದ ಬರಬೇಕಿತ್ತು. ಮೈಯಾಗ ಹುಷಾರಿಲ್ಲ, ಆದರೂ ನೋಡ್ತೀನಿ ಅಂದಳು. ಇವರು ಕಾದರು. ಹನ್ನೊಂದು ಗಂಟೆ ಮುಹೂರ್ತ ಹನ್ನೆರಡೂವರೆ ಆಯಿತು. ಕೂಸು ಹಸಿದು ಅತ್ತು ಅತ್ತು ಕೆಂಪಾಯಿತು. ಕಡೆಗೆ ಯಾರೋ ಪಕ್ಕದ ಮನೆಯವರ ಕೈಲಿ ಹೆಸರು ಹೇಳಿಸಿದರು. ಆ ಸಿಟ್ಟು ಇವತ್ತಿಗೂ ಇದೆ. ಆಗಲ್ಲ ಅಂತ ನಾಲ್ಕು ದಿನ ಮೊದಲೇ ಹೇಳಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಮೂರನೆಯದು, ಶುಭ ಕಾರ್ಯದ ಮಾತನ್ನು ಕಾಯಿಲೆಯಿಂದ ಶುರು ಮಾಡಬಾರದು. ಮಗುವಿನ ಮಾತು ಮೊದಲು ಬರಲಿ. ನಿನ್ನದರಲ್ಲಿ ಉರಿ, ಜ್ವರ ಎಲ್ಲಾ ಮುಗಿದ ಮೇಲೆ ಮಗು ಕಡೆಯ ಸಾಲಿನಲ್ಲಿ ಬಂದಿದೆ.

---

ಹೊಸದುರ್ಗ ಮೇಷ್ಟ್ರು

ಅಜ್ಜಿ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. "ನನಗೋಸ್ಕರ ಯಾರೂ ಕಾಯಬೇಡಿ" ಅನ್ನುವ ಸಾಲು ಓದುವವರ ಕಿವಿಗೆ ಮುನಿಸಿನ ಹಾಗೆ ಕೇಳುತ್ತದೆ. ಸೈಟಿನ ಮಾತು ಇನ್ನೂ ಹಸಿಯಾಗಿರುವಾಗ ಅದು ಬೇಡ. ಅದರ ಬದಲು ಕಾರ್ಯ ಯಾರು ನಡೆಸಬೇಕು ಅಂತ ನೀವೇ ಹೆಸರು ಹಿಡಿದು ಹೇಳಿ. "ನನ್ನ ಜಾಗದಲ್ಲಿ ದೊಡ್ಡಪ್ಪನ ಮಗಳು ನಿಂತು ಹೆಸರು ಹೇಳಲಿ, ನಾನೇ ಅವಳಿಗೆ ಹೇಳಿದ್ದೇನೆ" ಅಂದರೆ ಮುನಿಸು ಅಂತ ಯಾರೂ ಅನ್ನೋಕಾಗಲ್ಲ. ಮುನಿಸಿಕೊಂಡವರು ಬದಲಿ ಜನ ಗೊತ್ತು ಮಾಡುವುದಿಲ್ಲ.

"ಕ್ಷಮಿಸಿ, ತಪ್ಪು ತಿಳಿಯಬೇಡಿ" ಎರಡೂ ಬೇಡ. ನೀವು ತಪ್ಪು ಮಾಡಿಲ್ಲ. ತಪ್ಪು ತಿಳಿಯಬೇಡಿ ಅಂದರೆ ತಿಳಿಯೋಕೆ ಏನೋ ಇದೆ ಅಂತ ಅವರೇ ಹುಡುಕುತ್ತಾರೆ.

---

ಬೆಂಗಳೂರಲ್ಲಿರೋ ದುರ್ಗದವ

ಬದಲಿ ಯಾಕೆ? ವೀಡಿಯೊ ಕಾಲ್ ಮಾಡಿ. 2020ರಲ್ಲಿ ಲಾಕ್‌ಡೌನ್ ಆದಾಗ ನಮ್ಮಕ್ಕ ಫೋನಲ್ಲೇ ನನ್ನ ಮಗಳ ಹೆಸರು ಹೇಳಿದ್ದು. ಸ್ಪೀಕರ್ ಹಾಕಿ ತೊಟ್ಟಿಲ ಹತ್ತಿರ ಹಿಡಿದೆವು. ಎಲ್ಲರೂ ಅತ್ತೆವು. ಅದಕ್ಕಿಂತ ಚೆನ್ನಾಗಿ ಯಾವ ನಾಮಕರಣವನ್ನೂ ನಾನು ನೋಡಿಲ್ಲ.

---

ಜಗಳೂರು ಅಜ್ಜಿ

ಫೋನಿನಲ್ಲಿ ಹೇಳೋದು ನನಗೆ ಒಪ್ಪಲ್ಲಪ್ಪ. ಕಿವಿಯಲ್ಲಿ ಹೆಸರು ಹೇಳುವುದು ಯಾಕೆ? ಮೊದಲು ಕೂಸಿಗೆ ಮಾತ್ರ ಕೇಳಲಿ ಅಂತ. ಸ್ಪೀಕರ್ ಹಾಕಿದರೆ ಇಡೀ ಓಣಿಗೆ ಕೇಳುತ್ತದೆ.

---

ಬೆಂಗಳೂರಲ್ಲಿರೋ ದುರ್ಗದವ

ಅಜ್ಜಿ, ಆಗ ಬೇರೆ ದಾರಿ ಇರಲಿಲ್ಲ. ನಮ್ಮಕ್ಕನ ದನಿ ಅದು. ನನ್ನ ಮಗಳು ಈಗಲೂ ಆ ವೀಡಿಯೊ ಹಾಕಿಸಿಕೊಂಡು ನೋಡುತ್ತಾಳೆ.

---

ದುರ್ಗದ ಹುಡುಗಿ

ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಡಿ, ಅಷ್ಟು ಸಾಕು. ನನ್ನ ಮಗ ಮಿಕ್ಸಿ ಸದ್ದಿಗೇ ಬೆಚ್ಚಿ ಬೀಳುತ್ತಿದ್ದ.

---

ಮಲ್ಲಿಗೆ 77

ಬದಲಿಗೆ ನಿಲ್ಲಿಸೋದಾದರೆ ಸೀರೆ ವಿಚಾರ ಮೊದಲೇ ಮಾತಾಡಿಕೊಳ್ಳಿ. ಸಣ್ಣ ವಿಷಯ ಅನಿಸುತ್ತದೆ, ಆದರೆ ಅದೇ ದೊಡ್ಡದಾಗುತ್ತದೆ. ಹೆಸರು ಹೇಳಿದವರಿಗೆ ಬೀಗರು ಸೀರೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಚಿಕ್ಕಮ್ಮನ ಬದಲು ಇನ್ನೊಬ್ಬರು ನಿಂತರು. ಸೀರೆ ಅವರಿಗೇ ಹೋಯಿತು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಆದರೆ ಐದು ವರ್ಷ ಆ ಮನೆಗೆ ಕಾಲಿಡಲಿಲ್ಲ. ಅವರಿಗೆ ಬೇಕಾಗಿದ್ದು ಸೀರೆ ಅಲ್ಲ. ನೀನೇ ಅತ್ತೆ ಅಂತ ಒಬ್ಬರು ಹೇಳಬೇಕಿತ್ತು.

---

ದಾವಣಗೆರೆ ಅಕ್ಕ (ಬುಧವಾರ ಮಧ್ಯಾಹ್ನ)

ಎಲ್ಲರದ್ದೂ ಎರಡೆರಡು ಸಲ ಓದಿದೆ. ಬೆನ್ನಿಗೆ ಗುದ್ದುವ ಮಾತು ಬಂದಾಗಲೇ ನಿರ್ಧಾರ ಆಗಿಹೋಯಿತು. ನಿನ್ನೆ ರಾತ್ರಿ ಹೊಸ ಗುಳ್ಳೆಯೂ ಎದ್ದಿವೆ. ಹೋಗುವುದಿಲ್ಲ.

ಸಿಸ್ಟರ್, ಮಗು ದಿನ ತುಂಬಿಯೇ ಹುಟ್ಟಿದ್ದು, ಎರಡೂ ಮುಕ್ಕಾಲು ಕೆಜಿ. ಬಾಣಂತಿಗೆ ಅಮ್ಮ ಬಂದಿತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ದೊಡ್ಡಪ್ಪನ ಸೊಸೆ ನಾಲ್ಕು ತಿಂಗಳ ಬಸುರಿ, ಅವಳೂ ಬರುತ್ತಾಳೆ.

ಒಂದು ಸಂಕಟ ಇದೆ. ಮಗುವಿಗೆ ಅಂತ ಒಂದು ಕೌದಿ ಹೊಲಿಯುತ್ತಿದ್ದೆ. ನಮ್ಮವ್ವನ ಎರಡು ಹಳೆಯ ಇಳಕಲ್ ಸೀರೆ ಸೇರಿಸಿ. ಅವ್ವ ಹೋಗಿ ಮೂರು ವರ್ಷ ಆಯಿತು. ಗುಳ್ಳೆ ಎದ್ದ ದಿನವೂ ತೊಡೆಯ ಮೇಲೆ ಹಾಕಿಕೊಂಡು ಹೊಲಿದಿದ್ದೇನೆ. ಈಗ ಅದನ್ನು ಕಳಿಸಬಹುದಾ, ಬಾರದಾ?

---

ಹೊಳಲ್ಕೆರೆ ಸಿಸ್ಟರ್

ಬಸುರಿ ಹೆಂಗಸಿಗೆ ಹಿಂದೆ ಅಮ್ಮ ಬಂದಿಲ್ಲದಿದ್ದರೆ ಅವಳಿಗೂ ಇದು ಒಳ್ಳೆಯದಲ್ಲ. ನಿಮ್ಮ ನಿರ್ಧಾರ ಸರಿಯಾಗಿದೆ.

ಕೌದಿ ಕಳಿಸಿ ಅಕ್ಕಾ, ಖಂಡಿತ ಕಳಿಸಿ. ಈ ವೈರಸ್ ಬಟ್ಟೆಯ ಮೇಲೆ ಬಹಳ ಹೊತ್ತು ಬದುಕುವಂಥದ್ದಲ್ಲ. ಸೋಪು ಹಾಕಿ ಬಿಸಿನೀರಲ್ಲಿ ಒಗೆಸಿ, ಒಂದು ದಿನ ಬಿಸಿಲಿಗೆ ಹಾಕಿ. ಒಗೆಯುವುದು ನಿಮ್ಮ ಮನೆಯವರು ಯಾರಾದರೂ ಮಾಡಲಿ, ಅವರಿಗೆ ಅಮ್ಮ ಬಂದು ಹೋಗಿರಬೇಕು. ಒಗೆದ ಮೇಲೆ ಅದನ್ನು ನೀವು ಮತ್ತೆ ತೊಡೆಯ ಮೇಲೆ ಹಾಕಿಕೊಳ್ಳಬೇಡಿ. ಅಂಚು ಹೊಲಿಯೋದು ಬಾಕಿ ಇದ್ದರೆ ಬೇರೆಯವರು ಹೊಲಿಯಲಿ. ಕುಲಾವಿ, ಅಂಗಿ ಅಂಗಡಿಯಿಂದ ತಂದದ್ದಾದರೆ ಅದನ್ನೂ ಒಂದು ಸಲ ಒಗೆಸಿಯೇ ಕಳಿಸಿ.

---

ಚಳ್ಳಕೆರೆ ಶೇಂಗಾ

ಈಗ ಪೂರ್ತಿ ಓದಿದೆ, ಕ್ಷಮಿಸಿ. ಅಕ್ಕಾ, ಕೆಮ್ಮಣ್ಣು ಹಚ್ಚಿದ್ದೀರಾ? ನಮ್ಮಜ್ಜನಿಗೆ ಹಚ್ಚಿದ್ದರು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಅಂತಾರೆ, ಹುಷಾರು.

---

ಹೊಳಲ್ಕೆರೆ ಸಿಸ್ಟರ್

ಕೂಡುವುದಿಲ್ಲ ತಮ್ಮಾ. ಪಕ್ಕೆಯ ನರ ಬೆನ್ನುಮೂಳೆಯಿಂದ ಹೊರಟು ಎದೆಯ ನಡುವಿಗೆ ನಿಲ್ಲುತ್ತದೆ. ಅದಕ್ಕೇ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತವೆ. ಹಸಿ ಗುಳ್ಳೆಯ ಮೇಲೆ ಮಣ್ಣು ಹಚ್ಚಿದರೆ ಕೀವು ತುಂಬುತ್ತದೆ, ಅಂಥವರನ್ನು ನಾನೇ ಎಷ್ಟೋ ಜನ ನೋಡಿದ್ದೇನೆ. ಅಕ್ಕ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ದಾರೆ, ಅದು ಒಳ್ಳೆಯದಾಯಿತು. ತಡ ಮಾಡಿದ್ದರೆ ಮಾತ್ರೆಯ ಗುಣ ಅಷ್ಟು ಕಾಣುತ್ತಿರಲಿಲ್ಲ. ಗುಳ್ಳೆ ಕಣ್ಣಿನ ಹತ್ತಿರ ಬಂದರೆ ಮಾತ್ರ ಅವತ್ತೇ ಓಡಬೇಕು.

---

ಹರಿಹರದವನು

ನಮ್ಮ ತಂದೆಗೆ ಗುಳ್ಳೆ ಹೋದ ಮೇಲೂ ನಾಲ್ಕು ತಿಂಗಳು ಉರಿ ಇತ್ತು. ಅಂಗಿ ತಾಗಿದರೂ ಆಗುತ್ತಿರಲಿಲ್ಲ. ಅಕ್ಕಾ, ಅದಕ್ಕೂ ಮಾತ್ರೆ ಇದೆ, ಡಾಕ್ಟರನ್ನು ಕೇಳಿ.

ಮತ್ತೆ ನೆಪ ಅನ್ನುವವರ ಬಾಯಿ ಮುಚ್ಚಿಸೋಕೆ ಡಾಕ್ಟರ್ ಚೀಟಿ ಫೋಟೋ ಹಾಕಿಬಿಡಿ. ಮುಗೀತು.

---

ಹೊಸದುರ್ಗ ಮೇಷ್ಟ್ರು

ಬೇಡ ಬೇಡ. ಚೀಟಿ ಹಾಕಿದರೆ ಅದು ಸಾಕ್ಷಿ ಆಗುತ್ತದೆ. ಸಾಕ್ಷಿ ಕೊಡುವವರನ್ನು ಜನ ಇನ್ನೂ ಅನುಮಾನದಿಂದ ನೋಡುತ್ತಾರೆ. ತಮ್ಮನಿಗೆ ಬೇಕಾದರೆ ಫೋನಿನಲ್ಲಿ ಎಲ್ಲಾ ಬಿಡಿಸಿ ಹೇಳಲಿ. ಅವನು ನಂಬಿದರೆ ಸಾಕು.

---

ಹರಿಹರದವನು

ಮೇಷ್ಟ್ರೇ, ನಿಮ್ಮ ನೆಂಟರು ಒಳ್ಳೆಯವರು ಇರಬೇಕು. ನಮ್ಮ ನೆಂಟರಿಗೆ ಚೀಟಿಯೇ ಬೇಕು.

---

ದುರ್ಗದ ಹುಡುಗಿ

ಚೀಟಿ ಬೇಡ. ಆದರೆ ಅಂಟುತ್ತದೆ ಅನ್ನುವ ಮಾತು ಮಾತ್ರ ಬಿಡಬೇಡಿ. ಬರೀ "ಹುಷಾರಿಲ್ಲ" ಅಂದರೆ ಎಲ್ಲರೂ "ಅಷ್ಟಕ್ಕೆಲ್ಲಾ ಏನಾಗುತ್ತೆ, ಕಾರು ಕಳಿಸ್ತೀವಿ ಬನ್ನಿ" ಅಂತಾರೆ. ನೀವು ಬೇಡ ಅಂತ ಇನ್ನೊಂದು ಸಲ ಹೇಳಬೇಕಾಗುತ್ತದೆ. "ಮಗುವಿಗೆ ಅಂಟಬಾರದು ಅಂತ ಬರುತ್ತಿಲ್ಲ" ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ.

---

ಜಗಳೂರು ಅಜ್ಜಿ

ಹುಡುಗಿ ಸರಿಯಾಗಿ ಹೇಳಿದಳು. ಬೀಗಿತಿಗೆ ರೋಗದ ಹೆಸರು ಬಿಡಿಸಿ ಹೇಳುವುದು ಬೇಡ. ಸರ್ಪಸುತ್ತು ಅಂದರೆ ನಮ್ಮ ಕಾಲದವರು ನಾಗದೋಷ, ಅದೂ ಇದೂ ಅಂತ ಹೆದರುತ್ತಾರೆ. ತೊಟ್ಟಿಲ ಮನೆಯಲ್ಲಿ ಆ ಮಾತು ಏಳಬಾರದು. "ಮೈಯಲ್ಲಿ ಗುಳ್ಳೆ ಎದ್ದಿವೆ, ಕೂಸಿಗೆ ತಗಲಬಾರದು" ಅಂದರೆ ಸಾಕು.

---

ಹೊಳಲ್ಕೆರೆ ಸಿಸ್ಟರ್

ಅಜ್ಜಿ, ತಮ್ಮನಿಗೂ ಬಾಣಂತಿಗೂ ಮಾತ್ರ ಹೆಸರು ಹೇಳಲೇಬೇಕು. ಇವರು ಇತ್ತೀಚೆಗೆ ಮಗುವನ್ನು ಎತ್ತಿಕೊಂಡಿದ್ದರೆ ಅವರ ಮಕ್ಕಳ ಡಾಕ್ಟರಿಗೂ ತಿಳಿದಿರಬೇಕು.

---

ದಾವಣಗೆರೆ ಅಕ್ಕ

ಇಲ್ಲ ಸಿಸ್ಟರ್, ಮಗು ಹುಟ್ಟಿದ ಎರಡನೇ ದಿನ ನೋಡಿದ್ದು, ಅಷ್ಟೇ. ಆಗ ನನಗೆ ಏನೂ ಇರಲಿಲ್ಲ.

---

ಹೊಳಲ್ಕೆರೆ ಸಿಸ್ಟರ್

ಹಾಗಾದರೆ ಭಯ ಇಲ್ಲ.

---

ದಾವಣಗೆರೆ ಅಕ್ಕ (ಬುಧವಾರ ರಾತ್ರಿ)

ಸಂಜೆ ಎಲ್ಲರಿಗೂ ಫೋನ್ ಮಾಡಿದೆ. ಅಜ್ಜಿ ಹೇಳಿದ ಸಾಲಿನಲ್ಲೇ.

ಮೊದಲು ತಮ್ಮ. "ನಾನು ಬರಲ್ಲ, ಬರೋ ಹಾಗಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಕ್ಕಾ, ಸೈಟಿಂದು ಇನ್ನೂ ಮನಸಲ್ಲಿದೆಯಾ?" ಅಂತ ಕೇಳಿಯೇಬಿಟ್ಟ. ಕೇಳಿದ್ದೇ ಒಳ್ಳೆಯದಾಯಿತು. "ಇದ್ದಿದ್ದರೆ ಅವ್ವನ ಸೀರೆ ಕತ್ತರಿಸಿ ನಿನ್ನ ಮಗಳಿಗೆ ಕೌದಿ ಹೊಲೀತಿದ್ನೇನೋ?" ಅಂದೆ. ಇಬ್ಬರಿಗೂ ಮಾತು ನಿಂತುಹೋಯಿತು. ಆಮೇಲೆ ಗುಳ್ಳೆ, ದಿನ, ಡಾಕ್ಟರು ಹೇಳಿದ್ದು ಎಲ್ಲಾ ಹೇಳಿದೆ.

ಆಮೇಲೆ ಅವನ ಹೆಂಡತಿ. ಅವಳಿಗೆ ನೆನಪಿರಲಿಲ್ಲ, ಅವಳ ತಾಯಿ ಪಕ್ಕದಿಂದಲೇ ಹೇಳಿದರು. ಮೂರನೇ ಕ್ಲಾಸಿನಲ್ಲಿ ಅಮ್ಮ ಬಂದಿತ್ತಂತೆ, ಬೇವಿನ ಸೊಪ್ಪು ಹಾಕಿ ನೀರೆರೆದಿದ್ದರಂತೆ. ಸಿಸ್ಟರ್, ಕೇಳಿ ಸಮಾಧಾನ ಆಯಿತು.

ಬೀಗಿತಿ ಅಮ್ಮನವರಿಗೆ ಗುಳ್ಳೆ ಅಂತ ಮಾತ್ರ ಹೇಳಿದೆ. "ನೀವಿಲ್ಲದೆ ತೊಟ್ಟಿಲು ಹೇಗಮ್ಮಾ, ಬೇರೆ ದಿನ ಇಟ್ಟುಕೊಳ್ಳೋಣ" ಅಂದರು. ಬೇಡ ಅಂದೆ. ಅಡುಗೆಯವರಿಗೆ ಹೇಳಿಯಾಗಿದೆ, ಎಲ್ಲರನ್ನೂ ಕರೆದಾಗಿದೆ. ದೊಡ್ಡಪ್ಪನ ಮಗಳು ನಿಲ್ಲುತ್ತಾಳೆ, ಸೀರೆಯೂ ಅವಳಿಗೇ ಉಡಿಸಿ, ನಾನು ಬಂದಾಗ ನನಗೆ ಬರೀ ಉಡಿ ತುಂಬಿ ಸಾಕು ಅಂದೆ. ಮಲ್ಲಿಗೆ, ನೀವು ಹೇಳದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ.

ಈಗ ಗ್ರೂಪಿಗೆ ಹಾಕೋಕೆ ಹೊಸದಾಗಿ ಬರೆದಿದ್ದೇನೆ:

"ನಮ್ಮ ಮನೆಗೆ ಏಳು ವರ್ಷಕ್ಕೆ ಬಂದ ಮಗಳು ಭಾನುವಾರ ತೊಟ್ಟಿಲೇರುತ್ತಾಳೆ. ನನ್ನ ಮೈಯಲ್ಲಿ ಗುಳ್ಳೆ ಎದ್ದಿವೆ, ಎಳೆ ಕೂಸಿಗೆ ತಗಲಬಾರದು ಅಂತ ನಾನು ಈ ಸಲ ಬರುತ್ತಿಲ್ಲ. ತಮ್ಮನಿಗೂ ಬೀಗರಿಗೂ ಹೇಳಿದ್ದೇನೆ. ನನ್ನ ಜಾಗದಲ್ಲಿ ನಮ್ಮ ತಂಗಿ ನಿಂತು ಹೆಸರು ಹೇಳುತ್ತಾಳೆ. ಎಲ್ಲರೂ ಹೋಗಿ ಮಗುವನ್ನು ಹರಸಿ ಬನ್ನಿ. ಮೈ ಪೂರ್ತಿ ಒಣಗಿದ ಮೇಲೆ ನಾನು ಹೋಗಿ ಎತ್ತಿಕೊಳ್ಳುತ್ತೇನೆ."

ಮಗುವಿಗೆ ಬೇರೆ ಒಂದು ಚೀಟಿ ಬರೆದು ಕೌದಿಯೊಳಗೆ ಇಡಬೇಕು ಅಂತಿದ್ದೇನೆ. ತಂಗಿ ತೊಟ್ಟಿಲ ಹತ್ತಿರ ಓದಲಿ ಅಂತ:

"ಪುಟ್ಟವ್ವಾ, ನಿನ್ನ ಅತ್ತೆ ನಾನು. ಇವತ್ತು ನಿನ್ನ ಕಿವಿಗೆ ನನ್ನ ದನಿ ಬೀಳಲಿಲ್ಲ. ಈ ಕೌದಿಯಲ್ಲಿ ನಿನ್ನ ಅಜ್ಜಿ ಇದ್ದಾಳೆ, ಅವಳ ಬೆಚ್ಚಗೆ ನಿನಗೆ ಸಿಗಲಿ. ಹೊಟ್ಟೆ ತುಂಬಾ ಹಾಲು, ಕಣ್ತುಂಬಾ ನಿದ್ದೆ ಬರಲಿ. ನಿನ್ನ ಅಪ್ಪ ಅಮ್ಮ ಕಾದ ಏಳು ವರ್ಷವೂ ನಿನ್ನ ಆಯುಷ್ಯಕ್ಕೆ ಸೇರಲಿ. ದುಗ್ಗಮ್ಮ ನಿನ್ನ ತೊಟ್ಟಿಲು ಕಾಯಲಿ."

---

ಹೊಸದುರ್ಗ ಮೇಷ್ಟ್ರು

ಒಂದಕ್ಷರ ಮುಟ್ಟಬೇಡಿ. "ಈ ಸಲ" ಅನ್ನೋದನ್ನು ಮಾತ್ರ ತೆಗೆಯಿರಿ. ನಾಮಕರಣ ಒಂದೇ ಸಲ ಆಗೋದು.

---

ಜಗಳೂರು ಅಜ್ಜಿ

ಮೊಮ್ಮಗಳು ಓದಿ ಹೇಳುವಾಗ ಅವಳ ಗಂಟಲೇ ಕಟ್ಟಿತು. ಕೌದಿಯ ಜೊತೆ ಉಡಿ ಸಾಮಾನು ಕಳಿಸೋದು ಮರೀಬೇಡ. ಬಾಣಂತಿಗೆ ಕೊಬ್ಬರಿ, ಉತ್ತತ್ತಿ, ಬೆಲ್ಲ ಇರಲಿ. ನೀನು ಬಂದಿಲ್ಲ ಅಂದರೂ ನಿನ್ನ ಮನೆಯ ಆಯಾರ ಬಂದಿರಬೇಕು. ಅದನ್ನು ನೋಡಿದರೆ ನೆಪ ಅನ್ನುವವರು ಸುಮ್ಮನಾಗುತ್ತಾರೆ.

---

ಬೆಂಗಳೂರಲ್ಲಿರೋ ದುರ್ಗದವ

ಅಕ್ಕಾ, ಚೀಟಿಯನ್ನು ನೀವೇ ಓದಿ ರೆಕಾರ್ಡ್ ಮಾಡಿ ಕಳಿಸಿ. ಕಾರ್ಯದ ಹೊತ್ತಲ್ಲಿ ಬೇಡ, ಅಜ್ಜಿಗೂ ಬೇಜಾರಾಗೋದು ಬೇಡ. ಮಗುವಿಗೆ ಮುಂದೆ ಬೇಕಾಗುತ್ತದೆ.

---

ಮಲ್ಲಿಗೆ 77

ಗುಗ್ಗರಿ ಮಾಡಿ ನೀವೂ ಮನೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಹಂಚಿಸಿ ಅಕ್ಕಾ. ನಮ್ಮ ಅತ್ತೆ ಹಾಗೆ ಮಾಡಿದ್ದರು.

---

ಚಳ್ಳಕೆರೆ ಶೇಂಗಾ

ಗುಗ್ಗರಿಗೆ ಕಡಲೆ ಜೊತೆ ಹಸಿ ಶೇಂಗಾನೂ ಹಾಕಿ. ಈಗಲಾದರೂ ನಕ್ಷತ್ರ ಹೇಳಿ ಅಕ್ಕಾ.

---

ದಾವಣಗೆರೆ ಅಕ್ಕ (ಸೋಮವಾರ ಬೆಳಿಗ್ಗೆ)

ನಿನ್ನೆ ಕಾರ್ಯ ಆಯಿತು. ನನ್ನ ಮಗ ಕೌದಿ, ಉಡಿ ಸಾಮಾನು, ಬೆಳ್ಳಿ ಉಡದಾರ ತಗೊಂಡು ಬೆಳಿಗ್ಗೆ ಆರಕ್ಕೇ ಹೊರಟಿದ್ದ. ಕೌದಿಯನ್ನು ತೊಟ್ಟಿಲಿಗೆ ಹಾಸಿ ಅದರ ಮೇಲೇ ಮಗುವನ್ನು ಮಲಗಿಸಿದರಂತೆ. ತಂಗಿ ಹೆಸರು ಹೇಳಿದಳು. ಚೀಟಿ ಓದೋಕೆ ಅವಳಿಗೆ ಆಗಲಿಲ್ಲ, ಅರ್ಧಕ್ಕೇ ಅತ್ತಳು. ಉಳಿದಿದ್ದನ್ನು ತಮ್ಮನೇ ಓದಿದ.

ಅಂದುಕೊಂಡ ಹಾಗೆ ಒಬ್ಬರು "ಅಕ್ಕ ಬರಲಿಲ್ವಾ, ಯಾಕೋ?" ಅಂತ ಎಳೆದು ಕೇಳಿದರಂತೆ. ಬೀಗಿತಿ ಅಮ್ಮನವರೇ ಉತ್ತರ ಕೊಟ್ಟರಂತೆ, "ನಮ್ಮ ಕೂಸಿಗೋಸ್ಕರ ಬಂದಿಲ್ಲ" ಅಂತ. ಕೇಳಿದವರಿಗೆ ಸಮಾಧಾನ ಆಯಿತೋ ಇಲ್ಲವೋ ಗೊತ್ತಿಲ್ಲ.

ಇವತ್ತು ಕನ್ನಡಿಯಲ್ಲಿ ನೋಡಿಕೊಂಡೆ. ಬೆನ್ನ ಕಡೆ ಎಲ್ಲಾ ಹಕ್ಕಳೆ ಕಟ್ಟಿದೆ. ಮುಂದೆ ಮೂರು ಇನ್ನೂ ಹಸಿ ಇವೆ.

---

ಹೊಳಲ್ಕೆರೆ ಸಿಸ್ಟರ್

ಆ ಮೂರೂ ಒಣಗಲಿ. ಒಣಗಿದ ಮೇಲೆ ಡಾಕ್ಟರಿಗೆ ಒಂದು ಸಲ ತೋರಿಸಿ ಹೊರಡಿ. ಹಕ್ಕಳೆ ಕೀಳಬೇಡಿ, ತಾನಾಗಿಯೇ ಉದುರಲಿ. ಏನು ಹೆಸರಿಟ್ಟರು?

---

ದಾವಣಗೆರೆ ಅಕ್ಕ

ನಮ್ಮವ್ವನ ಹೆಸರೇ ಇಟ್ಟಿದ್ದಾರೆ ಸಿಸ್ಟರ್. ಬುಧವಾರ ಫೋನ್ ಮಾಡಿದಾಗ ತಮ್ಮ ಹೇಳಿರಲಿಲ್ಲ.